ಮೂರು ಕೈಗೆ ಒಂದು ಮೆಸೇಜು

ದೊಡ್ಡಕ್ಕನಿಗೆ ಸ್ವಂತ ಫೋನ್ ಇರಲಿಲ್ಲ. ಇದ್ದ ಒಂದನ್ನು ಅಳಿಯ ರಿಪೇರಿ ಮಾಡಿಸಿಕೊಡುತ್ತೇನೆಂದು ಒಯ್ದಿದ್ದ. ಆ ರಿಪೇರಿ ಎರಡು ವರ್ಷದಿಂದ ನಡೆಯುತ್ತಲೇ ಇತ್ತು. ಜೊತೆಗೆ ಕೆಲಸ ಮಾಡುವ, ಬಾಯಿ ನಿಲ್ಲದ್ದಕ್ಕೆ 'ರೇಡಿಯೋ' ಎಂದು ಹೆಸರು ಬಿದ್ದವಳ ಬಳಿ ಫೋನ್ ಇತ್ತು, ಆದರೆ ಅವಳಿಗೆ ಅಕ್ಷರ ಅಷ್ಟಕ್ಕಷ್ಟೆ. ಹೀಗಾಗಿ ಔಷಧಿ ಅಂಗಡಿಗೆ ಬರೆಯುವ ಕೆಲಸ ಟೀಚರಮ್ಮನ ಪಾಲಿಗೆ ಬಂತು.

ಟೀಚರಮ್ಮ ಯಾವ ಮಕ್ಕಳಿಗೂ ಪಾಠ ಹೇಳಿದವಳಲ್ಲ. ಕಾಲೇಜಿಗೆ ಎರಡು ವರ್ಷ ಹೋಗಿ ಬಿಟ್ಟವಳು. ಕಟ್ಟಡದ ಕೆಳಗಿನ ಸ್ಟೋರ್ ರೂಮಿನಲ್ಲಿ ಅಂಟಿಸುವ ನೋಟಿಸುಗಳನ್ನು ಉಳಿದವರಿಗೆ ಓದಿ ಹೇಳುತ್ತಿದ್ದಳು, ರಜೆ ಚೀಟಿ ಬರೆದುಕೊಡುತ್ತಿದ್ದಳು. ಅಷ್ಟಕ್ಕೇ ಆ ಹೆಸರು ಅಂಟಿತ್ತು. ಬೇಡ ಎಂದು ಅವಳೂ ಹೇಳಿರಲಿಲ್ಲ.

ಏಳು ಮಹಡಿಯ ಆಫೀಸು ಕಟ್ಟಡ. ಮೂವರಿಗೂ ಬೆಳಗಿನ ಪಾಳಿ. ಕಕ್ಕಸುಗಳಿಗೆ ಆಸಿಡ್, ನೆಲಕ್ಕೆ ಫಿನಾಯಿಲ್, ಸಿಂಕಿಗೆ ಬ್ಲೀಚಿಂಗ್ ನೀರು, ಒರೆಸುವ ಬಟ್ಟೆಗಳಿಗೆ ಸೋಪಿನ ಪುಡಿ. ಕೈ ಒಣಗಲು ಪುರುಸೊತ್ತೇ ಇಲ್ಲ. ಗ್ಲೌಸು ಕೊಟ್ಟಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಬೆರಳ ತುದಿಯಲ್ಲಿ ತೂತು ಬಿದ್ದ ಮೇಲೂ ಅದೇ ಗ್ಲೌಸು. ಒಳಗೆ ನೀರು ಹೊಕ್ಕರೆ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತಿತ್ತು, ಕೈ ಅದರಲ್ಲೇ ನೆನೆಯುತ್ತಿತ್ತು. ದೊಡ್ಡಕ್ಕ ಅದಕ್ಕೆ "ಕೈಗೆ ಈಜುಕೊಳ" ಎನ್ನುತ್ತಿದ್ದಳು.

ಊಟದ ಹೊತ್ತಿಗೆ ಮೂವರೂ ಸ್ಟೋರ್ ರೂಮಿನಲ್ಲಿ ಬಕೆಟ್ ಬೋರಲು ಹಾಕಿ ಕೂರುತ್ತಿದ್ದರು. ಆ ದಿನ ರೇಡಿಯೋ ಡಬ್ಬಿ ತೆರೆಯುವ ಬದಲು ಕೈ ಕೆರೆದುಕೊಳ್ಳುತ್ತಿದ್ದಳು.

"ಅಯ್ಯೋ, ಈ ತುರಿಕೆಗಿಂತ ನಮ್ಮತ್ತೆ ಬೈಗುಳಾನೇ ವಾಸಿ. ಅದು ರಾತ್ರಿಯಾದ್ರೆ ನಿಲ್ಲತ್ತೆ."

"ನೀನು ನಿಲ್ಸಿದ್ರೆ ತಾನೆ ಅವ್ರು ನಿಲ್ಸೋದು," ಎಂದಳು ದೊಡ್ಡಕ್ಕ.

"ಎದುರುಗಡೆ ಔಷಧಿ ಅಂಗಡೀಲಿ ಬೋರ್ಡ್ ಹಾಕಿದಾರಲ್ಲ, ಸಂದೇಹ ಇದ್ರೆ ನಂಬರ್‌ಗೆ ಬರೆದು ಕಳಿಸಿ ಅಂತ. ಟೀಚರಮ್ಮ, ಬರಿಯೇ. ನಿನ್ನ ಅಕ್ಷರ ಏನು ಕೂಡಿಡೋಕಾ?" ಎಂದಳು ರೇಡಿಯೋ.

ಟೀಚರಮ್ಮ ತನ್ನ ಕೈ ನೋಡಿಕೊಂಡಳು. ಅಂಗೈ ಮತ್ತು ಬೆರಳ ಗೆಣ್ಣುಗಳ ಮೇಲೆ ಚರ್ಮ ಒಣಗಿ ಕೆಂಪಾಗಿ ಬಿರಿದಿತ್ತು. ನಿಂಬೆಹುಳಿ ತಾಗಿದರೆ ಜೀವ ಹೋಗುತ್ತಿತ್ತು. ರೇಡಿಯೋದು ಬೇರೆ ಥರ. ಎಡಗೈ ಹಿಂಬದಿಯಲ್ಲಿ ದುಂಡಗೆ ಒಂದು ಗುರುತು, ಅಂಚು ಮಾತ್ರ ಎದ್ದು ಕೆಂಪಾಗಿತ್ತು, ನಡುವೆ ಸ್ವಚ್ಛ. ದೊಡ್ಡಕ್ಕ ಕೈ ತೋರಿಸಲು ಒಪ್ಪಲಿಲ್ಲ. ರೇಡಿಯೋ ಮಣಿಕಟ್ಟು ಹಿಡಿದು ಎಳೆದ ಮೇಲೆ ಕಂಡಿತು. ಬಲಗೈ ತೋರುಬೆರಳ ತುದಿಯಲ್ಲಿ ಉಗುರಿನ ಪಕ್ಕ ಆಳವಾದ ಬಿರುಕು. ಅದರ ಸುತ್ತ ಬೆರಳು ಊದಿ ಬಿಗಿದಿತ್ತು.

"ಇದೇನಕ್ಕ, ಕೀವಾಗಿದೆ."

"ಆಗಿತ್ತು. ಬೆಳಿಗ್ಗೆ ಹಿಸುಕಿ ತೆಗ್ದಿದ್ದೀನಿ. ಈಗಿಲ್ಲ."

ಟೀಚರಮ್ಮ ಫೋನ್ ತೆಗೆದಳು. ಒಂದು ಸಾಲು ಬರೆದು ನಿಲ್ಲಿಸಿದಳು.

"ಮೂರು ಜನದ್ದು ಮೂರು ಮೆಸೇಜ್ ಹಾಕ್ಲಾ?"

"ಮೂರು ಯಾಕೆ," ಎಂದಳು ದೊಡ್ಡಕ್ಕ. "ಪುಗಸಟ್ಟೆ ಕೇಳೋರು ಸಾಲುಗಟ್ಟಿ ನಿಂತ್ರು ಅಂತಾರೆ. ಒಂದೇ ಕೆಲಸ, ಒಂದೇ ಆಸಿಡ್ಡು, ಬರೋದೂ ಒಂದೇ ಕಾಯಿಲೆ. ಒಬ್ಳು ಕೈ ಅಂತ ಬರಿ. ಒಂದು ಟ್ಯೂಬ್ ತಂದು ಮೂರೂ ಜನ ಹಚ್ಕೊಳ್ಳೋಣ."

ಅದು ದೊಡ್ಡಕ್ಕನ ಪದ್ಧತಿ, ಆ ಸ್ಟೋರ್ ರೂಮಿನ ಪದ್ಧತಿಯೂ ಹೌದು. ಬಾಚಣಿಗೆ ಒಂದು, ತಲೆನೋವಿನ ಮುಲಾಮು ಒಂದು, ಸೂಜಿದಾರ ಒಂದು. ಸೂಪರ್‌ವೈಸರ್ ಬಳಿ ಏನಾದರೂ ಕೇಳಬೇಕಿದ್ದರೂ ಮೂವರ ಮಾತನ್ನು ಒಬ್ಬಳ ಬಾಯಲ್ಲೇ ಕೇಳುತ್ತಿದ್ದರು. ಮೂವರೂ ಹೋದರೆ ಗಲಾಟೆ ಎನ್ನುತ್ತಾನೆ, ಒಬ್ಬಳು ಹೋದರೆ ಕೇಳಿಸಿಕೊಳ್ಳುತ್ತಾನೆ. ಹಾಗೆ ಕೇಳಿ ಕೆಲವು ಸಲ ಗೆದ್ದೂ ಇದ್ದರು. ಗೆದ್ದ ದಾರಿಯನ್ನು ಯಾರೂ ಅನುಮಾನಿಸುವುದಿಲ್ಲ.

ಟೀಚರಮ್ಮ ಬರೆದಳು. ಬರೆದು ಗಟ್ಟಿಯಾಗಿ ಓದಿದಳು.

"ನಮಸ್ಕಾರ ಸರ್. ನಾನು ಆಫೀಸ್ ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತೇನೆ. ದಿನವಿಡೀ ಕೈ ನೀರಿನಲ್ಲಿ, ಬ್ಲೀಚಿಂಗ್ ಮತ್ತು ಸೋಪಿನಲ್ಲಿ ಇರುತ್ತದೆ. ಸುಮಾರು ಒಂದು ತಿಂಗಳಿಂದ ಅಂಗೈ ಬಿರುಕು ಬಿಟ್ಟು ಉರಿಯುತ್ತಿದೆ. ಕೈಯ ಹಿಂಬದಿಯಲ್ಲಿ ಕೆಂಪು ಗುರುತು, ತುಂಬಾ ತುರಿಕೆ. ಒಂದು ಬೆರಳ ತುದಿ ಊದಿ ನೋಯುತ್ತಿದೆ. ಕೆಲಸ ಬಿಡುವಂತಿಲ್ಲ. ಯಾವ ಕ್ರೀಂ ಹಚ್ಚಿದರೆ ಅಪಾಯವಿಲ್ಲ ಎಂದು ದಯವಿಟ್ಟು ತಿಳಿಸಿ."

"ಆಹಾ, ಕೇಳಿದ್ರೆ ನಂಗೇ ಅಳು ಬರ್ತಿದೆ," ಎಂದಳು ರೇಡಿಯೋ. "ಪಾಪ, ಯಾರೇ ಆ ಹೆಂಗಸು?"

ಮೂವರೂ ನಕ್ಕರು. ಪ್ರತಿ ಸಾಲೂ ಯಾರಾದರೊಬ್ಬಳ ಮಟ್ಟಿಗೆ ನಿಜವಾಗಿತ್ತು. ಸುಳ್ಳು ಬರೆದಿದ್ದೇನೆ ಎಂದು ಟೀಚರಮ್ಮನಿಗೆ ಅನ್ನಿಸಲಿಲ್ಲ.

ಡಬ್ಬಿ ತೊಳೆಯುವಷ್ಟರಲ್ಲಿ ಉತ್ತರ ಬಂತು. ಉತ್ತರವಲ್ಲ, ಪ್ರಶ್ನೆಗಳು. ಕೈಯ ಎರಡೂ ಬದಿಯ ಫೋಟೋ ಕಳಿಸಿ. ಕೀವು, ಹಳದಿ ಹಕ್ಕಳೆ ಏನಾದರೂ ಇದೆಯೇ? ಜ್ವರ ಬಂದಿದೆಯೇ? ಕೆಂಪು ಮೇಲಕ್ಕೆ ಹರಡುತ್ತಿದೆಯೇ? ಈಗಾಗಲೇ ಏನಾದರೂ ಹಚ್ಚಿದ್ದೀರಾ? ಗರ್ಭಿಣಿಯೇ, ಮಗುವಿಗೆ ಹಾಲು ಕೊಡುತ್ತೀರಾ? ಸಕ್ಕರೆ ಕಾಯಿಲೆ ಇದೆಯೇ?

ಕೊನೆಯ ಪ್ರಶ್ನೆ ಓದಿದಾಗ ದೊಡ್ಡಕ್ಕ ಡಬ್ಬಿಯ ಮುಚ್ಚಳ ಹಾಕುತ್ತಿದ್ದವಳು ನಿಲ್ಲಿಸಿದಳು. ಅವಳಿಗೆ ಸಕ್ಕರೆ ಕಾಯಿಲೆ ಇದ್ದದ್ದು ಆ ಇಬ್ಬರಿಗೆ ಮಾತ್ರ ಗೊತ್ತು. ಮಾತ್ರೆ ಮನಸ್ಸು ಬಂದಾಗ ನುಂಗುತ್ತಿದ್ದಳು. ತಿಂಗಳ ಕೊನೆಗೆ ಗುತ್ತಿಗೆ ಹೊಸದಾಗುವುದಿತ್ತು. ಹೋದ ಸಲ ಹೊಸದಾದಾಗ ಮಂಡಿ ನೋವಿನ ಇಬ್ಬರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿತ್ತು. ಯಾಕೆ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಇಲ್ಲ ಅಂತ ಹಾಕು," ಎಂದಳು.

"ಅಕ್ಕ, ಅವ್ರು ಔಷಧಿಯವ್ರು, ಸೂಪರ್‌ವೈಸರ್ ಅಲ್ಲ."

"ಸೂಪರ್‌ವೈಸರ್ ಸಿಗರೇಟು ಸೇದೋದು ಯಾರ ಅಂಗಡಿ ಮುಂದೆ? ನಿಂಗೆ ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ."

"ಮೆಸೇಜ್ ಯಾರ ಫೋನಿಂದ ಹೋಗ್ತಿದೆ?"

"ನಂದು."

"ಮತ್ತೆ? ಸುಳ್ಳೆಲ್ಲಿ ಬಂತು?"

ಟೀಚರಮ್ಮ "ಇಲ್ಲ" ಎಂದು ಬರೆದಳು. ಕೀವಿಗೂ "ಈಗ ಇಲ್ಲ" ಎಂದಳು. ಫೋಟೋ ತನ್ನ ಕೈಯದೇ ತೆಗೆದಳು. ದೊಡ್ಡಕ್ಕ ಕ್ಯಾಮೆರಾಕ್ಕೆ ಬೆರಳು ಕೊಡಲಿಲ್ಲ. ರೇಡಿಯೋ ಕೊಡಲು ಸಿದ್ಧಳಿದ್ದಳು. ಆದರೆ ಒಬ್ಬಳದೇ ಕೈಯಾದ ಮೇಲೆ ಬಳೆ ಬೇರೆ ಬೇರೆ ಕಂಡರೆ ಹೇಗೆ ಎಂದು ಟೀಚರಮ್ಮನೇ ಬೇಡವೆಂದಳು.

ಫಾರ್ಮಸಿಸ್ಟ್ ಫೋಟೋ ನೋಡಿ ಬರೆದ. "ಬಿರುಕುಗಳು ನೀರು ಮತ್ತು ಸೋಪಿನಿಂದ ಆದಂತೆ ಕಾಣುತ್ತವೆ. ಆದರೆ ಊದಿದ ಬೆರಳು ಫೋಟೋದಲ್ಲಿ ಕಾಣುತ್ತಿಲ್ಲ. ಒಮ್ಮೆ ಅಂಗಡಿಗೆ ಬಂದು ಕೈ ತೋರಿಸಿ. ನೋಡದೆ ಕ್ರೀಂ ಹೇಳುವುದು ಸರಿಯಲ್ಲ."

ಪಾಳಿ ಮುಗಿದ ಮೇಲೆ ಟೀಚರಮ್ಮ ಹೋದಳು. ದೊಡ್ಡಕ್ಕ, ರೇಡಿಯೋ ಬಸ್ ಸ್ಟಾಪಿನಲ್ಲಿ ಕಾದರು.

ಅಂಗಡಿ ಚಿಕ್ಕದು. ಗಾಜಿನ ಕೌಂಟರು, ಹಿಂದೆ ಸೂರಿನವರೆಗೆ ಡಬ್ಬಿಗಳು. ಫಾರ್ಮಸಿಸ್ಟ್ ನಡುವಯಸ್ಸಿನವನು. ಕನ್ನಡಕ ಹಣೆಗೇರಿಸಿ ಅವಳ ಎರಡೂ ಕೈಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿದ. ಮುಟ್ಟಲು ಹೇಸಲಿಲ್ಲ. ಅದು ಅವಳ ಗಮನಕ್ಕೆ ಬಂತು.

"ಮೆಸೇಜ್ ಬರೆದಿದ್ದು ನೀವೇನಾ?"

"ಹೂಂ ಸರ್."

"ತುಂಬಾ ಚೆನ್ನಾಗಿ ಬರ್ದಿದೀರಿ ಅಮ್ಮ. ಇಲ್ಲಿಗೆ ಬರೋರು ಕೈ ನೋವು, ಕ್ರೀಂ ಕೊಡಿ ಅಂತಾರೆ, ಅಷ್ಟೆ. ಏನು ಮುಟ್ತೀರಿ, ಎಷ್ಟು ದಿನದಿಂದ ಅಂತೆಲ್ಲ ಯಾರೂ ಹೇಳಲ್ಲ."

ಟೀಚರಮ್ಮನಿಗೆ ಕಿವಿ ಬಿಸಿಯಾಯಿತು. ಅವಳ ಬರವಣಿಗೆಯನ್ನು ಕೊನೆಯ ಸಲ ಯಾರಾದರೂ ಹೊಗಳಿದ್ದು ಕಾಲೇಜಿನಲ್ಲಿ.

"ಬೆರಳು ಊದಿದೆ ಅಂತ ಬರೆದಿದ್ರಿ. ಯಾವ್ದು? ಕೈ ಹಿಂದೆ ಗುರುತು ಅಂದಿದ್ರಿ, ಅದೂ ಕಾಣ್ತಿಲ್ಲ."

ಅವಳು ಬಾಗಿಲ ಕಡೆ ನೋಡಿದಳು. ರಸ್ತೆಯಾಚೆ ದೊಡ್ಡಕ್ಕ ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತಿದ್ದಳು. ಕರೆದರೆ ಬರುವಷ್ಟು ದೂರ. ಕರೆಯಬೇಕಾದರೆ ಮೊದಲು ಈತನಿಗೆ ಹೇಳಬೇಕಿತ್ತು: ಸರ್, ಅದು ನನ್ನ ಕೈಯಲ್ಲ, ನೀವು ಚೆನ್ನಾಗಿದೆ ಎಂದ ಮೆಸೇಜು ಮೂರು ಜನರದ್ದು ಕಲಸಿ ಬರೆದದ್ದು.

"ಇಳಿದುಹೋಯ್ತು ಸರ್," ಎಂದಳು.

"ಎರಡೂನಾ?"

"ಎರಡೂ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಕನ್ನಡಕ ಇಳಿಸಿಕೊಂಡು ಎರಡು ವಸ್ತು ತಂದಿಟ್ಟ. ಒಂದು ಡಬ್ಬಿ, ವಾಸನೆಯಿಲ್ಲದ ವ್ಯಾಸಲೀನ್. ಕೈ ತೊಳೆದಾಗಲೆಲ್ಲ ಒರೆಸಿ ಹಚ್ಚಬೇಕು, ಮಲಗುವಾಗ ದಪ್ಪಗೆ. ಇನ್ನೊಂದು ಸಣ್ಣ ಟ್ಯೂಬು. ಅದರಲ್ಲಿ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಇದೆ, ಕೆಂಪಗೆ ಉರಿಯುವ ಕಡೆ ಮಾತ್ರ ತೆಳ್ಳಗೆ, ದಿನಕ್ಕೆರಡು ಸಲ, ಒಂದು ವಾರ, ಅದಕ್ಕಿಂತ ಹೆಚ್ಚಿಗೆ ಬೇಡ. ಗ್ಲೌಸಿನ ಒಳಗೆ ಹತ್ತಿಯ ಗ್ಲೌಸು ಹಾಕಿಕೊಳ್ಳಬೇಕು, ಒದ್ದೆಯಾದರೆ ಬದಲಿಸಬೇಕು, ತೂತಾದದ್ದನ್ನು ಎಸೆಯಬೇಕು.

"ಇನ್ನೊಂದು ಮಾತು," ಎಂದು ಟ್ಯೂಬಿನ ಮೇಲೆ ಬೆರಳಿಟ್ಟ. "ಇದು ನಿಮ್ಮ ಕೈ ನೋಡಿ ಕೊಟ್ಟಿದ್ದು. ಬೇರೆ ಯಾರಿಗೂ ಬೇಡ. ದುಂಡಗೆ ಹುಳುಕಡ್ಡಿ ಥರ ಇದ್ರೆ ಇದರಿಂದ ಹರಡತ್ತೆ. ಕೀವು, ಊತ ಇದ್ರೆ ಯಾವ ಕ್ರೀಮೂ ಬೇಡ, ಅವತ್ತೇ ಡಾಕ್ಟರ್ ಹತ್ರ ಹೋಗ್ಬೇಕು. ನಿಮಗೇ ಮತ್ತೆ ಊದಿದ್ರೂ ಅಷ್ಟೆ. ಆಯ್ತಾ?"

"ಆಯ್ತು ಸರ್."

ರಸ್ತೆ ದಾಟುವಾಗ ಅವಳ ತಲೆಯಲ್ಲಿ ಆ ಮಾತುಗಳು ಸ್ಪಷ್ಟವಾಗಿಯೇ ಇದ್ದವು. ದೊಡ್ಡಕ್ಕನಿಗೆ ಹೇಳಿದಳು ಕೂಡ.

"ಅಕ್ಕ, ಊತ ಇದ್ರೆ ಹಚ್ಚಬಾರದಂತೆ. ಡಾಕ್ಟರ್‌ಗೆ ತೋರಿಸ್ಬೇಕಂತೆ."

"ಎಲ್ಲಾ ಅಂಗಡಿಯವ್ರೂ ಹಾಗೇ ಅನ್ನೋದು. ನಾಳೆ ಏನಾದ್ರೂ ಆದ್ರೆ ತಮ್ಮ ತಲೆಗೆ ಬರಬಾರದಲ್ಲ." ದೊಡ್ಡಕ್ಕ ಟ್ಯೂಬು ತೆಗೆದುಕೊಂಡು ಮೂತಿಗೆ ಮುಚ್ಚಳದಿಂದ ತೂತು ಮಾಡಿದಳು. "ಡಾಕ್ಟರ್ ಹತ್ರ ಹೋದ್ರೆ ಅರ್ಧ ದಿನ ರಜೆ. ರಜೆ ಕೇಳಿದ್ರೆ ಯಾಕೆ ಅಂತಾನೆ. ಗುತ್ತಿಗೆ ಹೊಸದಾಗ್ಲಿ, ಮಾರನೇ ದಿನವೇ ಹೋಗ್ತೀನಿ. ಆಣೆಗೂ."

ಟೀಚರಮ್ಮ ಇನ್ನೊಮ್ಮೆ ಹೇಳಬಹುದಿತ್ತು. ಬಸ್ಸು ಬಂತು.

ಟ್ಯೂಬು ಸ್ಟೋರ್ ರೂಮಿನ ಕಿಟಕಿಯ ಮೇಲೆ, ಬಾಚಣಿಗೆಯ ಪಕ್ಕ ಇರತೊಡಗಿತು. ಟೀಚರಮ್ಮನ ಕೈ ಆ ವಾರವೇ ಸುಧಾರಿಸಿತು. ಉರಿ ಹೋಯಿತು, ಬಿರುಕು ಕೂಡಿಕೊಂಡಿತು. ಅದೇ ದೊಡ್ಡ ಅನಾಹುತವಾಯಿತು. ಔಷಧಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಎದುರಿಗೇ ಸಾಕ್ಷಿ ಇದ್ದಮೇಲೆ ಉಳಿದಿಬ್ಬರಿಗೂ ತಮ್ಮ ಸರದಿ ನಾಳೆ ಬರುತ್ತದೆ ಎಂಬ ನಂಬಿಕೆ ಬಂತು. ರೇಡಿಯೋಗೆ ಮೊದಲೆರಡು ದಿನ ತುರಿಕೆ ಇಳಿಯಿತು. ಆಮೇಲೆ ಗುರುತು ಅಂಚು ಕಳೆದುಕೊಂಡು ಮಣಿಕಟ್ಟಿನ ಕಡೆ ಹರಡಿತು. "ನಂಗೆ ನಿಧಾನವಾಗಿ ಹತ್ತತ್ತೆ ಅನ್ಸತ್ತೆ, ನನ್ ಗಂಡನ ತಲೆಗೆ ಮಾತು ಹತ್ತೋ ಹಾಗೆ," ಎಂದು ಇನ್ನಷ್ಟು ಹಚ್ಚಿಕೊಂಡಳು.

ದೊಡ್ಡಕ್ಕನ ಬೆರಳು ಕೆಲವು ದಿನ ಸಿಡಿಯಿತು. ಮಾಪಿನ ಹಿಡಿಯನ್ನು ತೋರುಬೆರಳು ಎತ್ತಿಯೇ ಹಿಡಿಯುತ್ತಿದ್ದಳು. ದೂರದಿಂದ ನೋಡಿದರೆ ಯಾರಿಗೋ ದಾರಿ ತೋರಿಸುತ್ತಿದ್ದಾಳೆ ಎನ್ನಿಸಬೇಕು. ಮೇಲೆ ಗ್ಲೌಸು ಇದ್ದದ್ದರಿಂದ ಸೂಪರ್‌ವೈಸರಿಗೆ ಕಾಣಲಿಲ್ಲ. ಆಮೇಲೊಂದು ಬೆಳಿಗ್ಗೆ ಅವಳು ನಗುತ್ತಾ ಬಂದಳು.

"ನೋವೇ ಇಲ್ಲ ಕಣೇ. ನಿಮ್ಮ ಔಷಧಿಯವನು ಗಟ್ಟಿಗ."

"ತೋರ್ಸಕ್ಕ," ಎಂದಳು ಟೀಚರಮ್ಮ.

"ಮಧ್ಯಾಹ್ನ ತೋರಿಸ್ತೀನಿ. ಈಗ ಬಟ್ಟೆ ಕಟ್ಟಿದೀನಿ."

ಮಧ್ಯಾಹ್ನ ಅವಳು ಮಹಡಿಯಿಂದ ಇಳಿದು ಬರುವುದು ತಡವಾಯಿತು. ಟೀಚರಮ್ಮ ಮತ್ತೆ ಕೇಳಲಿಲ್ಲ. ನೋವಿಲ್ಲ ಎಂದ ಮೇಲೆ ಕೇಳುವುದೇನು ಎಂದುಕೊಂಡಳು. ನಿಜ ಹೇಳಬೇಕೆಂದರೆ, ನೋಡದಿದ್ದರೇ ನೆಮ್ಮದಿ ಎನ್ನಿಸಿತ್ತು.

ಗುತ್ತಿಗೆ ಹೊಸದಾಯಿತು. ಪಟ್ಟಿಯಲ್ಲಿ ಮೂವರ ಹೆಸರೂ ಇತ್ತು. ಟೀಚರಮ್ಮನೇ ಓದಿ ಹೇಳಿದಳು. ದೊಡ್ಡಕ್ಕ ಬಕೆಟ್ ಮೇಲೆ ಕೂತು ಗ್ಲೌಸು ಬಿಚ್ಚಿದಳು. ಬಟ್ಟೆಯನ್ನೂ ಬಿಚ್ಚಿದಳು. ವಾಸನೆ ಮೊದಲು ಬಂತು. ಬೆರಳ ತುದಿ ಕಪ್ಪಾಗಿತ್ತು, ಗೆಣ್ಣಿನವರೆಗೆ ನೇರಳೆ ಬಣ್ಣ. ಅಂಗೈ ಕಡೆಗೆ ಕೆಂಪು ಇಳಿದಿತ್ತು. ಅವಳ ಹಣೆ ಮುಟ್ಟಿದರೆ ಕಾದ ಹೆಂಚು.

ದೊಡ್ಡಕ್ಕನನ್ನು ಕರೆದುಕೊಂಡು ಟೀಚರಮ್ಮ ಆಸ್ಪತ್ರೆಗೆ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನವಳು. ಎಕ್ಸ್‌ರೇ ಬೆಳಕಿಗೆ ಹಿಡಿದು ಬೆರಳ ತುದಿಯ ಮೂಳೆ ತೋರಿಸಿದಳು. ಅದರ ಅಂಚು ಇಲಿ ಕಡಿದ ಹಾಗಿತ್ತು. ಸಕ್ಕರೆ ಎಷ್ಟಿದೆ ಎಂದು ನೋಡಿ ತುಟಿ ಬಿಗಿದಳು.

"ಎಷ್ಟು ದಿನದಿಂದ?"

ಟೀಚರಮ್ಮ ಹೇಳಿದಳು.

"ಏನು ಹಚ್ಚಿದ್ರಿ?"

ಟೀಚರಮ್ಮ ಟ್ಯೂಬು ತೋರಿಸಿದಳು. ಡಾಕ್ಟರು ಹೆಸರು ಓದಿ ಮೇಜಿನ ಮೇಲಿಟ್ಟಳು.

"ಇದನ್ನ ಹಚ್ಚಬಾರದಿತ್ತು. ಆದ್ರೆ ಬೆರಳು ಹೋಗ್ತಿರೋದು ಇದೊಂದರಿಂದಲೇ ಅಲ್ಲ, ಕಾದಿದ್ರಿಂದ. ಕೀವು ಕಟ್ಟಿದ ವಾರವೇ ಬಂದಿದ್ರೆ ಕೊಯ್ದು ತೆಗೆದು ಮಾತ್ರೆ ಕೊಟ್ಟು ಕಳಿಸ್ತಿದ್ವಿ."

"ನೋವು ಹೋಗಿತ್ತಮ್ಮ," ಎಂದಳು ದೊಡ್ಡಕ್ಕ. "ವಾಸಿ ಆಯ್ತು ಅಂದ್ಕೊಂಡೆ."

"ಅಲ್ಲಿ ಚರ್ಮ, ನರ ಸತ್ತಿತ್ತು. ಸತ್ತಿದ್ದು ನೋಯಲ್ಲ."

ಬೆರಳು ತೆಗೆಯುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ದೊಡ್ಡಕ್ಕನಿಗೆ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದಳು.

ಬೆರಳು ತೆಗೆದ ಮೇಲೆ ಕಟ್ಟು ಬದಲಿಸಲು ಬಟ್ಟೆ, ಪಟ್ಟಿ ಬೇಕಾಯಿತು. ಟೀಚರಮ್ಮ ಅದೇ ಅಂಗಡಿಗೆ ಹೋದಳು. ಬೇರೆ ಅಂಗಡಿಗೂ ಹೋಗಬಹುದಿತ್ತು. ಫಾರ್ಮಸಿಸ್ಟ್ ಗುರುತು ಹಿಡಿದ.

"ಕೈ ಹೇಗಿದೆ? ನೋಡೋಣ."

ಕೈ ಮುಂದಿಟ್ಟಳು. ಬಿರುಕುಗಳಿದ್ದ ಕಡೆ ತಿಳಿ ಗೆರೆ ಮಾತ್ರ ಇತ್ತು.

"ಚೆನ್ನಾಗಿದೆಯಲ್ಲ. ಮತ್ತೆ ಈ ಪಟ್ಟಿ ಯಾರಿಗೆ?"

ಅವಳು ಹೇಳಿದಳು. ಮೂರು ಕೈ, ಒಂದು ಮೆಸೇಜು, ಸಕ್ಕರೆ, ಬಳೆ, ಇಳಿದುಹೋಯ್ತು ಎಂದದ್ದು, ಎಲ್ಲ. ಬೇರೆ ಗಿರಾಕಿ ಬಂದರೆ ಕೈ ತೋರಿಸಿ ನಿಲ್ಲಿಸಿದ. ಮುಗಿದ ಮೇಲೆ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ.

"ಮೂರು ಮೆಸೇಜ್ ಕಳಿಸಿದ್ರೆ ಮೂರಕ್ಕೂ ಉತ್ತರ ಕೊಡ್ತಿದ್ದೆನಲ್ಲಮ್ಮ. ಅದಕ್ಕೇ ತಾನೆ ನಂಬರ್ ಬರೆದು ಹಾಕಿರೋದು."

"ತೊಂದರೆ ಕೊಡಬಾರ್ದು ಅಂತ..."

"ಅವತ್ತು ನಂಗೂ ಅನ್ನಿಸ್ತು," ಎಂದ ಅವನು, ಅವಳಿಗಿಂತ ತನಗೇ ಹೇಳಿಕೊಂಡಂತೆ. "ಒಂದು ತಿಂಗಳ ಗುರುತು ಒಂದು ಮಧ್ಯಾಹ್ನದಲ್ಲಿ ಹೇಗೆ ಇಳಿಯತ್ತೆ ಅಂತ. ಇನ್ನೊಂದು ಮಾತು ಕೇಳ್ಬೇಕಿತ್ತು. ಗಿರಾಕಿಗಳಿದ್ರು, ಬಿಟ್ಟೆ."

ಅವಳಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು.

ಅವನು ಪಟ್ಟಿ ಕಟ್ಟುವ ವಿಧಾನ ಹೇಳಿದ. ರೇಡಿಯೋಗೆ ಹುಳುಕಡ್ಡಿಯೇ ಇರಬೇಕು, ಆ ಟ್ಯೂಬು ಇವತ್ತೇ ನಿಲ್ಲಿಸಲಿ, ಸ್ವತಃ ಬಂದು ತೋರಿಸಲಿ ಎಂದ. ರೇಡಿಯೋ ಬಂದು ತೋರಿಸಿದಳು. ಬೇರೆ ಕ್ರೀಮು ಹಚ್ಚಿ ಅವಳ ಕೈ ವಾಸಿಯಾಗಲು ತಿಂಗಳ ಮೇಲಾಯಿತು. ಆದರೆ ಅಂಗಡಿಗೆ ಅವಳು ಟೀಚರಮ್ಮನ ಜೊತೆ ಹೋಗಲಿಲ್ಲ, ಒಬ್ಬಳೇ ಹೋದಳು.

"ನೀನು ಅಂಗಡಿಯವ್ರು ಹೇಳಿದ್ನ ನಂಗೆ ಹೇಳ್ಲಿಲ್ಲ," ಎಂದಿದ್ದಳು ಸ್ಟೋರ್ ರೂಮಿನಲ್ಲಿ. "ದುಂಡಗೆ ಇದ್ರೆ ಹಚ್ಚಬೇಡಿ ಅಂದಿದ್ರಂತೆ. ಅಕ್ಕಂಗೆ ಹೇಳ್ದೆ, ನಂಗೆ ಯಾಕೆ ಹೇಳ್ಲಿಲ್ಲ?"

"ಅಕ್ಕನೇ ಕೇಳ್ಲಿಲ್ಲ, ಇನ್ನು ನಿಂಗೆ ಹೇಳಿ..."

"ನನ್ ಕಿವಿ ನಂಗಿತ್ತು."

ಓದಲು ಬಾರದವರಿಗೆ ಓದಿ ಹೇಳುವವಳು ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ತಾನೇ ತೀರ್ಮಾನಿಸಿದ್ದಳು, ಅಷ್ಟೆ.

ದೊಡ್ಡಕ್ಕ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ಕೆಲಸಕ್ಕೆ ಬಂದಳು. ಮಾಪು ಹಿಂಡಲು ನೋಡಿದಳು. ಆಗಲಿಲ್ಲ. ಸೂಪರ್‌ವೈಸರ್ ದೂರದಿಂದ ನೋಡುತ್ತಿದ್ದ. ಅವನೂ ಕೆಟ್ಟವನೇನಲ್ಲ. ಮಧ್ಯಾಹ್ನದವರೆಗೆ ಕಾದು ಆಮೇಲೆ ಕರೆದು ನಾಳೆಯಿಂದ ಬರುವುದು ಬೇಡ ಎಂದ. ಅವಳು ಡಬ್ಬಿ ತೆಗೆದುಕೊಂಡು ಹೋಗುವಾಗ ಟೀಚರಮ್ಮ ಗೇಟಿನವರೆಗೆ ಬಂದಳು.

"ಅಕ್ಕ, ಅವತ್ತು ಅಂಗಡಿಯಿಂದ ನಿನ್ನ ಕರೀಬೇಕಿತ್ತು."

"ಕರೆದಿದ್ರೆ ಬರ್ತಿದ್ನಾ ನಾನು," ಎಂದಳು ದೊಡ್ಡಕ್ಕ. ಡಬ್ಬಿಯನ್ನು ಎಡಗೈಗೆ ಬದಲಿಸಿ, "ಗೊತ್ತಿಲ್ಲ. ಬರ್ತಿದ್ನೇನೋ," ಎಂದಳು.

ಹೋದದ್ದು ಇಷ್ಟು. ದೊಡ್ಡಕ್ಕನ ಬಲಗೈ ತೋರುಬೆರಳು, ಬುಡದ ಗೆಣ್ಣಿನವರೆಗೆ. ಅವಳ ಕೆಲಸ. ಊಟದ ಹೊತ್ತಿಗೆ ಟೀಚರಮ್ಮನ ಎದುರಿಗೆ ಕೂರುತ್ತಿದ್ದ ಇಬ್ಬರು.